ಗಾಜಿನ ಕಟ್ಟಿನ ಫೋಟೋದಲ್ಲಿ ಮೂಡುವ ಪ್ರತಿಬಿಂಬ: ಮೂಲ ಹುಡುಕಿ ನಿವಾರಿಸುವ ಕ್ರಮ

ಗಾಜು ಹಾಕಿ ಕಟ್ಟು ಹಾಕಿಸಿದ ಹಳೆಯ ಫೋಟೋವನ್ನು ಕ್ಯಾಮೆರಾದಲ್ಲಿ ಪ್ರತಿ ತೆಗೆದುಕೊಳ್ಳುವಾಗ ಎಲ್ಲರೂ ಹೇಳುವ ದೂರು ಒಂದೇ, ಗಾಜು ಹೊಳೆಯುತ್ತಿದೆ ಎಂಬುದು. ಆದರೆ ಆ ಹೊಳಪಿಗೆ ಕಾರಣವಾದ ವಸ್ತು ಒಂದೇ ಆಗಿರುವುದು ಅಪರೂಪ. ಟ್ಯೂಬ್‌ಲೈಟು, ಎದುರಿನ ಕಿಟಕಿ, ಫೋಟೋ ತೆಗೆಯುವವರ ಅಂಗಿ, ನೆಲ, ಇವೆಲ್ಲ ಒಂದೇ ಚಿತ್ರದ ಬೇರೆ ಬೇರೆ ಜಾಗಗಳಲ್ಲಿ ಒಟ್ಟಿಗೆ ಕುಳಿತಿರುತ್ತವೆ. ಯಾವ ಕಲೆ ಯಾವುದರಿಂದ ಬಂತೆಂದು ಮೊದಲು ಗುರುತಿಸಿಕೊಳ್ಳದೆ ದೀಪವನ್ನು ಅತ್ತಿತ್ತ ಸರಿಸುತ್ತ ಹೋದರೆ ಒಂದು ಕಲೆ ಹೋದಲ್ಲಿ ಇನ್ನೊಂದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಈ ಬರಹದಲ್ಲಿ ಮೂಲವನ್ನು ಪತ್ತೆ ಹಚ್ಚುವ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ತುಮಕೂರಿನ ಚಿಕ್ಕಪೇಟೆಯ ಒಂದು ಹಳೆಯ ಮನೆಯ ಉದಾಹರಣೆಯನ್ನೇ ಇಟ್ಟುಕೊಂಡು ವಿವರಿಸುತ್ತೇನೆ. ನಡುಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ, ನೆಲದಿಂದ ಸುಮಾರು ಆರೂವರೆ ಅಡಿ ಎತ್ತರದಲ್ಲಿ ಮನೆತನದ ಒಂದು ಗ್ರೂಪ್ ಫೋಟೋ ತೂಗುಹಾಕಿದೆ. ಅದರ ಗಾಜು 20 ಇಂಚು ಅಗಲ, 16 ಇಂಚು ಎತ್ತರ. ಹಿಂದಿನ ಸಾಲಿನಲ್ಲಿ ಕರಿಕೋಟು, ಪೇಟ ತೊಟ್ಟ ಗಂಡಸರು ನಿಂತಿದ್ದಾರೆ, ಮುಂದೆ ಬಿಳಿ ಪಂಚೆಯ ಹಿರಿಯರು ಕುರ್ಚಿಗಳಲ್ಲಿ ಕುಳಿತಿದ್ದಾರೆ. ಮನೆಯ ಹುಡುಗ ಸ್ಟೂಲು ಹತ್ತಿ ಮೊಬೈಲಿನಲ್ಲಿ ಇದರ ಫೋಟೋ ತೆಗೆದು ಸ್ಟುಡಿಯೊಗೆ ಕಳುಹಿಸಿದ್ದ. ಅದರಲ್ಲಿ ಮೂರು ದೋಷಗಳು ಸ್ಪಷ್ಟವಾಗಿದ್ದವು. ಮೇಲಿನ ಅಂಚಿನಲ್ಲಿ ಬಿಳಿಯ ಅಡ್ಡಪಟ್ಟಿ, ನಡುವಿನ ಕೋಟುಗಳ ಮೇಲೆ ಬೆರಳುಗಳು ಹಾಗೂ ಅಂಗಿಯ ಮಸುಕು ಆಕಾರ, ಕೆಳಗಿನ ಎರಡೂ ಮೂಲೆಗಳಲ್ಲಿ ಕೆಂಪು ಮಬ್ಬು. ಇದಲ್ಲದೆ ಬಲಗಡೆ ಒಬ್ಬ ಮಗುವಿನ ಮುಖದ ಪಕ್ಕದಲ್ಲಿ ಒದ್ದೆಯಾದಂತೆ ಕಾಣುವ ಒಂದು ಕಪ್ಪು ತೇಪೆಯೂ ಇತ್ತು.

ಕಲೆಯನ್ನು ಓದುವ ಬಗೆ

ಮೊದಲು ಮಾಡಬೇಕಾದ ಪರೀಕ್ಷೆ ತೀರ ಸರಳವಾದದ್ದು. ಕ್ಯಾಮೆರಾವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಇನ್ನೊಂದು ಫೋಟೋ ತೆಗೆಯಬೇಕು. ಚಿತ್ರದೊಳಗಿನ ವ್ಯಕ್ತಿಗಳಿಗೆ ಹೋಲಿಸಿದರೆ ಜಾಗ ಬದಲಿಸಿದ ಕಲೆ ಪ್ರತಿಬಿಂಬ. ಒಂದೇ ಜಾಗದಲ್ಲಿ ಉಳಿದದ್ದು ಫೋಟೋ ಕಾಗದದ್ದೋ ಗಾಜಿನ ಕೊಳೆಯದ್ದೋ ಆಗಿರುತ್ತದೆ, ಅದನ್ನು ಬೆಳಕಿನ ವ್ಯವಸ್ಥೆಯಿಂದ ತೆಗೆಯಲು ಆಗದು. ಚಿಕ್ಕಪೇಟೆಯ ಫೋಟೋದಲ್ಲಿ ಮೊದಲ ಮೂರು ಕಲೆಗಳು ಜರುಗಿದವು, ಕಪ್ಪು ತೇಪೆ ಅಲುಗಲಿಲ್ಲ.

ಎರಡನೆಯದಾಗಿ, ಪ್ರತಿಬಿಂಬ ಚಿತ್ರದ ಕಪ್ಪು ಭಾಗಗಳಲ್ಲೇ ಏಕೆ ಎದ್ದು ಕಾಣುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಸಾಮಾನ್ಯ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಒಂದೊಂದು ಮುಖದಿಂದ ಸುಮಾರು ಶೇಕಡಾ 4ರಂತೆ, ಎರಡೂ ಮುಖಗಳಿಂದ ಸೇರಿ ಸುಮಾರು 8ರಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. ಬಿಳಿ ಪಂಚೆಯ ಹೊಳಪಿಗೆ ಈ 8 ಸೇರಿದರೆ ಕಣ್ಣಿಗೆ ತಿಳಿಯುವುದೇ ಇಲ್ಲ. ಕರಿಕೋಟು ತಾನೇ ಹಿಂದಿರುಗಿಸುವ ಬೆಳಕು ಇದಕ್ಕಿಂತಲೂ ಕಡಿಮೆಯಿರುವುದರಿಂದ, ಅಲ್ಲಿ ಪ್ರತಿಬಿಂಬ ಚಿತ್ರವನ್ನೇ ಮೀರಿಸಿ ನಿಲ್ಲುತ್ತದೆ. ಹುಡುಗನ ಬೆರಳುಗಳು ಕೋಟಿನ ಮೇಲೆ ಲೆಕ್ಕ ಹಾಕುವಷ್ಟು ಸ್ಪಷ್ಟವಾಗಿದ್ದು, ಪಂಚೆಯ ಅಂಚಿಗೆ ಬಂದ ಕೂಡಲೇ ಮಾಯವಾಗಿದ್ದವು. ಆದ್ದರಿಂದ ಕ್ಯಾಮೆರಾದ ಪರದೆಯಲ್ಲಿ ಪರಿಶೀಲಿಸುವಾಗ ಮುಖಗಳನ್ನೂ ಬಿಳಿ ಬಟ್ಟೆಗಳನ್ನೂ ನೋಡಿ ಸಮಾಧಾನಪಟ್ಟುಕೊಳ್ಳದೆ, ಕೂದಲು, ಕೋಟು, ಕಪ್ಪು ಹಿನ್ನೆಲೆ ಇವುಗಳನ್ನು ಹಿಗ್ಗಿಸಿ ನೋಡಬೇಕು.

ಮೂರನೆಯದು ಅಂಚುಗಳ ಗುರುತು. ಚೂಪಾದ ಅಂಚಿನ ಅಚ್ಚಬಿಳಿ ಕಲೆಯೆಂದರೆ ದೀಪವೋ ಫ್ಲ್ಯಾಶೋ ನೇರವಾಗಿ ಕಾಣುತ್ತಿದೆ ಎಂದರ್ಥ. ಮೇಲಂಚಿನ ಬಿಳಿ ಪಟ್ಟಿಯನ್ನು ಹಿಗ್ಗಿಸಿದಾಗ ಅದು ಎರಡು ಗೆರೆಗಳಾಗಿ, ಸ್ವಲ್ಪವೇ ಸರಿದಂತೆ ಕಂಡಿತು, ಗಾಜಿನ ಮುಂಭಾಗ ಮತ್ತು ಹಿಂಭಾಗ ಎರಡೂ ಒಂದೇ ಟ್ಯೂಬ್‌ಲೈಟನ್ನು ತೋರಿಸಿದಾಗ ಹೀಗಾಗುತ್ತದೆ. ಅಂಚೇ ಇಲ್ಲದ ತೆಳು ಮಬ್ಬು ಬಂದರೆ ಬೆಳಗುತ್ತಿರುವ ದೊಡ್ಡ ಮೇಲ್ಮೈಯನ್ನು, ಅಂದರೆ ಸುಣ್ಣದ ಗೋಡೆ, ಪರದೆ, ನೆಲ ಇವನ್ನು ಅನುಮಾನಿಸಬೇಕು. ಮಬ್ಬಿನ ಬಣ್ಣವೇ ಇಲ್ಲಿ ಸಾಕ್ಷಿ. ನಡುಮನೆಯದು ಮೆರುಗು ಹತ್ತಿದ ಕೆಂಪು ಗಾರೆಯ ನೆಲ, ಬಾಗಿಲಿನಿಂದ ಬಂದ ಬಿಸಿಲು ಅದರ ಮೇಲೆ ಬಿದ್ದಿತ್ತು.

ಆದರೆ ಆರೂವರೆ ಅಡಿ ಎತ್ತರದಲ್ಲಿರುವ ಗಾಜಿನಲ್ಲಿ ನೆಲ ಕಾಣುವುದಾದರೂ ಹೇಗೆ? ನಮ್ಮ ಹಳೆಯ ಮನೆಗಳಲ್ಲಿ ಕಟ್ಟನ್ನು ಗೋಡೆಗೆ ಅಂಟಿಸಿದಂತೆ ತೂಗುಹಾಕುವುದಿಲ್ಲ, ಕೆಳಗೆ ನಿಂತವರಿಗೆ ಕಾಣಲೆಂದು ಮೇಲಂಚು ಮುಂದಕ್ಕೆ ಬಾಗಿರುತ್ತದೆ. ಇಲ್ಲಿ ಕೆಳಂಚು ಗೋಡೆಗೆ ತಾಗಿತ್ತು, ಮೇಲಂಚು ಮೂರು ಇಂಚು ಮುಂದಿತ್ತು, ಇದು ಸುಮಾರು 10 ಡಿಗ್ರಿಯ ಬಾಗು. ಗಾಜು 10 ಡಿಗ್ರಿ ಬಾಗಿದರೆ ಅದರಲ್ಲಿ ಕಾಣುವ ದಿಕ್ಕು 20 ಡಿಗ್ರಿ ತಿರುಗುತ್ತದೆ. ಹುಡುಗ ಒಂದೂವರೆ ಅಡಿ ದೂರದಲ್ಲಿ, ಚಿತ್ರದ ನಡುಮಟ್ಟಕ್ಕೆ ಮೊಬೈಲ್ ಹಿಡಿದಿದ್ದ. ಆ ಜಾಗದಿಂದ ಗಾಜಿನ ಮೇಲ್ಭಾಗದಲ್ಲಿ ಎದುರು ಗೋಡೆಯ ಎಂಟಡಿ ಎತ್ತರದ ಟ್ಯೂಬ್‌ಲೈಟು, ನಡುವಿನಲ್ಲಿ ಅವನದೇ ಕೈ ಮತ್ತು ಎದೆ, ಕೆಳಭಾಗದಲ್ಲಿ ಅವನ ಮೈಯ ಎರಡೂ ಪಕ್ಕದ ನೆಲ ಕಾಣಬೇಕು. ಮೂರು ದೋಷಗಳೂ ಇದ್ದ ಜಾಗಕ್ಕೆ ಈ ಲೆಕ್ಕ ಸರಿಯಾಗಿ ಹೊಂದಿತು.

ಲೆಕ್ಕ ಬೇಡವೆನ್ನುವವರು ಕೈಯಗಲದ ಕನ್ನಡಿಯೊಂದನ್ನು ಗಾಜಿಗೆ ಸಮತಟ್ಟಾಗಿ ಆನಿಸಿ, ಕಲೆ ಬಂದ ಜಾಗಕ್ಕೆ ಸರಿಸಿ, ಕ್ಯಾಮೆರಾ ಇದ್ದಲ್ಲಿಂದಲೇ ಅದನ್ನು ನೋಡಬಹುದು. ಗಾಜು ಮಸುಕಾಗಿ ತೋರಿಸುವುದನ್ನು ಕನ್ನಡಿ ಪೂರ್ಣ ಬೆಳಕಿನಲ್ಲಿ ತೋರಿಸುತ್ತದೆ. ಇದಕ್ಕಿಂತ ಖಚಿತವಾದ ಪತ್ತೆದಾರಿಕೆ ನನಗೆ ತಿಳಿದಿಲ್ಲ.

ಗಾಜಿನ ಎರಡರಷ್ಟು ಎಂಬ ಅಳತೆ

ಕೇರಂ ಸ್ಟ್ರೈಕರ್ ಪಟ್ಟಿಗೆ ಬಡಿದು ಬಂದ ಕೋನದಲ್ಲೇ ಹಿಂದಿರುಗುವಂತೆ ಬೆಳಕೂ ಗಾಜಿನಿಂದ ಹಿಂದಿರುಗುತ್ತದೆ. ಇದರಿಂದ ಒಂದು ಉಪಯುಕ್ತ ಅಳತೆ ಸಿಗುತ್ತದೆ. ಕ್ಯಾಮೆರಾ ಗಾಜಿನ ನಡುವಿಗೆ ನೇರವಾಗಿ ನಿಂತಿದ್ದರೆ, ಕ್ಯಾಮೆರಾ ಇರುವ ದೂರದಲ್ಲಿ ಗಾಜಿನೊಳಗೆ ಕಾಣಬಹುದಾದ ಜಾಗ ಗಾಜಿನ ಅಗಲದ ಎರಡರಷ್ಟು ಅಗಲ, ಎತ್ತರದ ಎರಡರಷ್ಟು ಎತ್ತರ ಇರುತ್ತದೆ. ಕ್ಯಾಮೆರಾ ಎಷ್ಟೇ ದೂರದಲ್ಲಿರಲಿ, ಈ ಎರಡರಷ್ಟು ಬದಲಾಗುವುದಿಲ್ಲ. ನಮ್ಮ ಗ್ರೂಪ್ ಫೋಟೋಗೆ ಅದು 40 ಇಂಚು ಅಗಲ, 32 ಇಂಚು ಎತ್ತರ. ಈ ಆಯದೊಳಗೆ ಇರುವುದೆಲ್ಲ ಚಿತ್ರದಲ್ಲಿ ಬರುತ್ತದೆ, ಅದರ ಹೊರಗಿರುವುದು ಬರುವುದಿಲ್ಲ.

ಕ್ಯಾಮೆರಾದ ಹಿಂದಿನ ಜಾಗಕ್ಕೆ ಮಾತ್ರ ದೂರ ಮುಖ್ಯವಾಗುತ್ತದೆ. ಗಾಜಿನಿಂದ ಕ್ಯಾಮೆರಾಗೆ ಇರುವ ದೂರಕ್ಕೆ ಗಾಜಿನಿಂದ ಎದುರು ಗೋಡೆಗೆ ಇರುವ ದೂರವನ್ನು ಕೂಡಿಸಿ, ಬಂದದ್ದನ್ನು ಕ್ಯಾಮೆರಾ ದೂರದಿಂದ ಭಾಗಿಸಿ, ಗಾಜಿನ ಅಗಲದಿಂದ ಗುಣಿಸಿದರೆ ಆ ಗೋಡೆಯ ಎಷ್ಟು ಅಗಲ ಗಾಜಿನಲ್ಲಿ ಕಾಣುತ್ತದೆಂದು ತಿಳಿಯುತ್ತದೆ. ಎದುರು ಗೋಡೆ 12 ಅಡಿ ದೂರವಿದ್ದ ಆ ನಡುಮನೆಯಲ್ಲಿ ಮೊಬೈಲನ್ನು 18 ಇಂಚಿನಲ್ಲಿ ಹಿಡಿದಾಗ ಗೋಡೆಯ 15 ಅಡಿ, ಅಂದರೆ ಹೆಚ್ಚುಕಡಿಮೆ ಇಡೀ ಗೋಡೆ ಗಾಜಿನೊಳಗೆ ಬರುತ್ತದೆ. ಅದೇ ಚಿತ್ರವನ್ನು 8 ಅಡಿ ದೂರದಿಂದ ತೆಗೆದರೆ 50 ಇಂಚು ಮಾತ್ರ ಬರುತ್ತದೆ. ಹತ್ತಿರ ಹೋಗಿ ತೆಗೆದರೆ ಸ್ಪಷ್ಟವಾಗಿ ಬರುತ್ತದೆ ಎಂಬ ಸಾಮಾನ್ಯ ನಂಬಿಕೆ ಗಾಜಿನ ವಿಷಯದಲ್ಲಿ ಪೂರ್ತಿ ತಿರುಗುಮುರುಗು. ಹಿಂದೆ ಸರಿದು, ಉದ್ದ ನಾಭಿದೂರದ ಲೆನ್ಸಿನಿಂದ ಚಿತ್ರವನ್ನು ತುಂಬಿಸಿಕೊಳ್ಳಬೇಕು. ಚಿಕ್ಕ ಸೆನ್ಸರಿನ, ಅಂದರೆ ಎಪಿಎಸ್-ಸಿ ಕ್ಯಾಮೆರಾದಲ್ಲಿ 8 ಅಡಿಯಿಂದ ಈ ಅಳತೆಯ ಕಟ್ಟಿಗೆ ಸುಮಾರು 90 ಮಿ.ಮೀ. ಬೇಕಾಗುತ್ತದೆ. ಮೊಬೈಲಿನಲ್ಲಿ ಪ್ರತ್ಯೇಕ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ ಹಿಂದೆ ನಿಲ್ಲಬಹುದು.

ನಿವಾರಣೆ

ಕಟ್ಟನ್ನು ಕೆಳಗಿಳಿಸಲು ಸಾಧ್ಯವಿದ್ದರೆ ಇಳಿಸುವುದೇ ಒಳ್ಳೆಯದು, ಏಕೆಂದರೆ ಬಾಗಿನ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಮನೆಯ ಅಜ್ಜಿ, "ಗಾಜೇ ತೆಗೆದುಬಿಡಪ್ಪ, ಯಾಕಿಷ್ಟು ಒದ್ದಾಡ್ತೀಯ" ಎಂದರು. ಅವರ ಸಲಹೆ ತರ್ಕಬದ್ಧವಾದದ್ದೇ, ಆದರೆ ಒದ್ದೆಯಂತೆ ಕಾಣುವ ತೇಪೆಯಿರುವ ಹಳೆಯ ಫೋಟೋದಲ್ಲಿ ಆ ಕೆಲಸ ಮಾಡಬಾರದು. ಫೋಟೋ ಕಾಗದದ ಮೇಲಿನ ಜೆಲಟಿನ್ ಪದರ ತೇವಕ್ಕೆ ಮೆತ್ತಗಾಗಿ ಗಾಜಿಗೆ ಅಂಟಿಕೊಂಡ ಜಾಗ ಅದು, ಬಿಡಿಸಿದರೆ ಚಿತ್ರ ಗಾಜಿನೊಂದಿಗೇ ಕಿತ್ತು ಬರುತ್ತದೆ. ಹೊರಗಿನ ಧೂಳನ್ನು ಒಣ ಮೃದು ಬಟ್ಟೆಯಿಂದ ಒರೆಸಬಹುದು. ಗಾಜಿನ ಮೇಲೆ ನೀರನ್ನಾಗಲಿ ಸ್ಪ್ರೇಯನ್ನಾಗಲಿ ನೇರವಾಗಿ ಹಾಕಿದರೆ ಅದು ಅಂಚಿನಿಂದ ಒಳಗಿಳಿಯುತ್ತದೆ.

ಇಳಿಸಿದ ಕಟ್ಟನ್ನು ಗೋಡೆಯ ಪಕ್ಕದ ಬೆಂಚಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಗೋಡೆಗೆ ಒರಗಿಸಿದರೆ ಅದು ಹಿಂದಕ್ಕೆ ವಾಲಿ, ನೆಲದ ಬದಲು ಸೂರು ಕಾಣತೊಡಗುತ್ತದೆ, ಆದ್ದರಿಂದ ಹಿಂದೆ ಆಸರೆ ಕೊಟ್ಟು ತೂಗುದಾರದಿಂದ ನೇರ ನೋಡಿಕೊಳ್ಳಬೇಕು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ 8 ಅಡಿ ದೂರದಲ್ಲಿ, ಗಾಜಿನ ನಡುಮಟ್ಟಕ್ಕೆ ನಿಲ್ಲಿಸಿ, ಮೊದಲು ಹೇಳಿದ ಕನ್ನಡಿಯನ್ನು ಗಾಜಿನ ನಡುವಿನಲ್ಲಿ ಹಿಡಿಸಬೇಕು. ಕನ್ನಡಿಯಲ್ಲಿ ಲೆನ್ಸ್ ತನ್ನನ್ನೇ ಕಾಣುವಂತೆ ಟ್ರೈಪಾಡನ್ನು ಸರಿಹೊಂದಿಸಿ, ಆ ಬಿಂಬ ಪರದೆಯ ಮಧ್ಯಕ್ಕೆ ಬರುವಂತೆ ತಿರುಗಿಸಿದರೆ ಕ್ಯಾಮೆರಾ ಗಾಜಿಗೆ ಸಮಾಂತರವಾಗಿದೆ ಎಂದರ್ಥ.

ಈಗ ಕ್ಯಾಮೆರಾದ ಬೆನ್ನಿಗೆ ಕಪ್ಪು ಹಿನ್ನೆಲೆ ಬೇಕು. ಎರಡರಷ್ಟಿನ ಲೆಕ್ಕದಂತೆ 40 ಇಂಚು, 32 ಇಂಚು ಸಾಕಾದರೂ ಬಟ್ಟೆ ಕ್ಯಾಮೆರಾಗಿಂತ ಒಂದಡಿ ಹಿಂದಿರುವುದರಿಂದಲೂ, ಹಳೆಯ ಗಾಜು ಅಲ್ಲಲ್ಲಿ ಅಲೆಯಾಗಿರುವುದರಿಂದಲೂ ಎಲ್ಲ ಕಡೆ ಒಂದಡಿ ಹೆಚ್ಚು ಇಟ್ಟುಕೊಳ್ಳಬೇಕು. ಮೆರುಗಿರುವ ಸ್ಯಾಟಿನ್ ಬಟ್ಟೆ ಇದಕ್ಕೆ ಬರುವುದಿಲ್ಲ, ಅದರ ಮಡಿಕೆಗಳೇ ಬಿಳಿ ಗೆರೆಗಳಾಗಿ ಮೂಡುತ್ತವೆ. ಮಖಮಲ್ ಉತ್ತಮ. ನಮ್ಮ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ ಅದಕ್ಕೆ ಕಡಿಮೆಯಿಲ್ಲ, ಬೆಳಕನ್ನು ಚೆನ್ನಾಗಿ ಹೀರುತ್ತದೆ, ದಪ್ಪವಿರುವುದರಿಂದ ಹಿಂದಿನ ಕಿಟಕಿಯ ಬೆಳಕನ್ನೂ ತೂರಿಬಿಡುವುದಿಲ್ಲ. ಚಿಕ್ಕಪೇಟೆಯ ಮನೆಯಲ್ಲಿ ಹಗ್ಗ ಕಟ್ಟಿ ಅದನ್ನೇ ಇಳಿಬಿಟ್ಟಿತ್ತು. ಕ್ಯಾಮೆರಾದ ಮೇಲಿನ ಬಿಳಿ ಅಕ್ಷರಗಳಿಗೆ ಕಪ್ಪು ಟೇಪು ಹಚ್ಚಿ, ಟೈಮರ್ ಒತ್ತಿ, ಫೋಟೋ ತೆಗೆಯುವವರು ಕಂಬಳಿಯ ಹಿಂದೆ ಹೋಗಬೇಕು. ಕಪ್ಪು ಅಂಗಿ ತೊಟ್ಟರೆ ಸಾಕೆಂದು ಕ್ಯಾಮೆರಾ ಪಕ್ಕದಲ್ಲೇ ನಿಲ್ಲುವವರ ಮುಖ ಮತ್ತು ಕೈಗಳು ಚಿತ್ರದಲ್ಲಿ ಉಳಿದೇ ಉಳಿಯುತ್ತವೆ.

ಫೋಕಸನ್ನು ಕೈಯಿಂದಲೇ ಮಾಡಬೇಕು. ಕೋಟಿನಂಥ ಕಪ್ಪು ಜಾಗದಲ್ಲಿ ಆಟೋಫೋಕಸ್ ಫೋಟೋವನ್ನು ಬಿಟ್ಟು ಪ್ರತಿಬಿಂಬವನ್ನು ಹಿಡಿದುಕೊಳ್ಳಬಲ್ಲದು. ಲೆನ್ಸಿನ ಸ್ವಂತ ಬಿಂಬ ಇರುವುದು ಗಾಜಿನಷ್ಟೇ ದೂರ ಗಾಜಿನ ಹಿಂದೆ, ಅಂದರೆ ಲೆನ್ಸಿನಿಂದ 16 ಅಡಿ ದೂರದಲ್ಲಿ. ಫೋಕಸ್ 8 ಅಡಿಯಲ್ಲಿ ಸರಿಯಾಗಿ ಕುಳಿತರೆ ಆ ಬಿಂಬ ಮಸುಕಾಗಿ, ಕಂಬಳಿಯ ಕಪ್ಪಿನಲ್ಲಿ ಕಾಣದಂತಾಗುತ್ತದೆ.

ದೀಪಗಳ ವಿಷಯದಲ್ಲಿ 45 ಡಿಗ್ರಿಯಲ್ಲಿ ಇಡಿ ಎಂದು ಸ್ಟುಡಿಯೊಗಳಲ್ಲಿ ಹೇಳಿಕೊಡುತ್ತಾರೆ. ಈ ಸೂತ್ರ ದೂರದ ಕ್ಯಾಮೆರಾಗೆ ಸರಿ, ಹತ್ತಿರದ್ದಕ್ಕೆ ನಂಬಿಕೆಗೆ ಅರ್ಹವಲ್ಲ. ಗಾಜಿನಿಂದ 4 ಅಡಿ ಮುಂದಕ್ಕೆ, ನಡುಗೆರೆಯಿಂದ 4 ಅಡಿ ಪಕ್ಕಕ್ಕೆ ದೀಪ ಇಟ್ಟೆವೆಂದುಕೊಳ್ಳೋಣ. ಕ್ಯಾಮೆರಾ 8 ಅಡಿಯಲ್ಲಿದ್ದರೆ ಆ ಜಾಗದಲ್ಲಿ ಗಾಜಿಗೆ ಕಾಣುವುದು ನಡುಗೆರೆಯಿಂದ 15 ಇಂಚಿನವರೆಗೆ ಮಾತ್ರ, ದೀಪ ಬಹಳ ಹೊರಗಿದೆ. ಮೊಬೈಲ್ 18 ಇಂಚಿನಲ್ಲಿದ್ದರೆ ಅದು ಸುಮಾರು 37 ಇಂಚಿನವರೆಗೆ ಹರಡುತ್ತದೆ, ಅಗಲವಾದ ಸಾಫ್ಟ್‌ಬಾಕ್ಸ್ ಇದ್ದರೆ ಅದರ ಒಳಂಚು ಚಿತ್ರದಲ್ಲಿ ಬಂದುಬಿಡಬಹುದು. ಹಾಗೆಂದು ದೀಪವನ್ನು ಮಿತಿಮೀರಿ ಪಕ್ಕಕ್ಕೆ ಒಯ್ದರೆ ಕಟ್ಟಿನ ಮರದ ಅಂಚು ಚಿತ್ರದ ಮೇಲೆ ನೆರಳು ಚೆಲ್ಲುತ್ತದೆ. ಎರಡೂ ಕಡೆ ಒಂದೇ ಬಗೆಯ ದೀಪಗಳನ್ನು ಸಮದೂರದಲ್ಲಿ ಇಟ್ಟು, ಗಾಜಿನ ಮುಂದೆ ಬಿಳಿ ಕಾಗದ ಹಿಡಿದು, ಅದರ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಟ್ಟು ನೋಡಬೇಕು. ಎರಡು ನೆರಳುಗಳೂ ಒಂದೇ ಗಾಢತೆಯಲ್ಲಿದ್ದರೆ ಬೆಳಕು ಸಮವಾಗಿದೆ. ಟ್ಯೂಬ್‌ಲೈಟನ್ನು ಆರಿಸಿ, ಬಾಗಿಲು ಮುಚ್ಚಿದ ಮೇಲೆ ತೆಗೆದ ಫೋಟೋದಲ್ಲಿ ಪಟ್ಟಿ, ಬೆರಳು, ಕೆಂಪು ಮಬ್ಬು ಮೂರೂ ಇರಲಿಲ್ಲ.

ಇಳಿಸಲಾಗದ ಕಟ್ಟು, ಮೊಬೈಲ್ ಒಂದೇ ಇದ್ದಾಗ

ದೇವಸ್ಥಾನದಲ್ಲಿ, ಶಾಲೆಯ ಹಜಾರದಲ್ಲಿ ಮೊಳೆ ಹೊಡೆದು ಭದ್ರಪಡಿಸಿದ ಕಟ್ಟುಗಳನ್ನು ಇಳಿಸಲು ಬಿಡುವುದಿಲ್ಲ. ಆಗ ಒಂದು ಪಕ್ಕಕ್ಕೆ ಸರಿದು ತೆಗೆಯುವುದು ಸುಲಭ. ಲೆನ್ಸ್ ಗಾಜಿನ ಅಂಚಿನಿಂದ ಹೊರಗಿದ್ದರೆ ಅದು ತನ್ನನ್ನು ತಾನು ಕಾಣುವುದಿಲ್ಲ, ಮೈಯೂ ಕಾಣಬಾರದೆಂದರೆ ಇನ್ನೂ ಒಂದಡಿ ಸರಿಯಬೇಕು. ಹೀಗೆ ಓರೆಯಾಗಿ ಬಂದ ಚಿತ್ರವನ್ನು GIMP ತಂತ್ರಾಂಶದ Perspective ಸಾಧನದಲ್ಲಿ ನೇರಗೊಳಿಸಬಹುದು. ದೂರದ ಅಂಚಿನ ವಿವರ ಸ್ವಲ್ಪ ಸೊರಗುವುದು ಇದರ ಬೆಲೆ. ಅಲ್ಲದೆ ನೀವು ಬಲಕ್ಕೆ ಸರಿದಷ್ಟೂ ಗಾಜಿನಲ್ಲಿ ಎಡಗಡೆಯ ಗೋಡೆ ಕಾಣುತ್ತದೆ, ಆ ಕಡೆ ಕಿಟಕಿ ಇಲ್ಲದಂತೆ ದಿಕ್ಕು ಆರಿಸಿಕೊಳ್ಳಬೇಕು.

ನೇರವಾಗಿಯೇ ಬೇಕು, ದೊಡ್ಡ ಬಟ್ಟೆ ಇಲ್ಲ ಎಂದಾದರೆ ಎರಡು ಫೋಟೋಗಳನ್ನು ಕೂಡಿಸುವ ಉಪಾಯವಿದೆ. ಪ್ರತಿಬಿಂಬ ಚಿತ್ರಕ್ಕೆ ಬೆಳಕನ್ನು ಸೇರಿಸುತ್ತದೆಯೇ ಹೊರತು ಎಂದೂ ಕಳೆಯುವುದಿಲ್ಲ. ಆದ್ದರಿಂದ ಒಂದೇ ಜಾಗದ ಎರಡು ಫೋಟೋಗಳಲ್ಲಿ ಹೆಚ್ಚು ಕಪ್ಪಾಗಿರುವ ಬಿಂದುವೇ ನಿಜಕ್ಕೆ ಹತ್ತಿರ. ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಎಕ್ಸ್‌ಪೋಶರ್, ಫೋಕಸ್, ಬಣ್ಣದ ಸಮತೋಲ ಮೂರನ್ನೂ ಲಾಕ್ ಮಾಡಿ, ಕರಿ ಕೊಡೆಯೊಂದನ್ನು ಬಿಚ್ಚಿ ಒಮ್ಮೆ ಕ್ಯಾಮೆರಾದ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ಹಿಡಿದು ಫೋಟೋ ತೆಗೆಯಬೇಕು. ಎರಡನ್ನೂ ಒಂದರ ಮೇಲೊಂದು ಪದರವಾಗಿ ಇಟ್ಟು, ಮೇಲಿನ ಪದರದ ವಿಧಾನವನ್ನು Darken only ಎಂದು ಬದಲಿಸಿದರೆ ಎರಡೂ ಕಡೆಯ ಪ್ರತಿಬಿಂಬ ಅಳಿಸಿಹೋಗುತ್ತದೆ. ಚಿತ್ರದ ಮೇಲೆ ಬೀಳುವ ಬೆಳಕು ಕೊಡೆ ಹಿಡಿದ ದಿಕ್ಕಿನಿಂದ ಬರುತ್ತಿರಬಾರದು ಎಂಬುದು ಇಲ್ಲಿಯ ನಿರ್ಬಂಧ. ಹಾಗೆ ಬರುತ್ತಿದ್ದರೆ ಕೊಡೆ ಚಿತ್ರವನ್ನೇ ಕತ್ತಲಾಗಿಸಿ, ಕೂಡಿಸಿದ ಮೇಲೆ ನಡುವೆ ಒಂದು ನೆರಳಿನ ಗೆರೆ ಉಳಿಯುತ್ತದೆ. ಟ್ಯೂಬ್‌ಲೈಟಿನ ಪಟ್ಟಿಯಂತೆ ಪೂರ್ತಿ ಬಿಳಿಯಾಗಿ ಸುಟ್ಟುಹೋದ ಜಾಗ ಎರಡೂ ಫೋಟೋಗಳಲ್ಲಿ ಒಂದೆಡೆಯೇ ಬಂದಿದ್ದರೆ ಯಾವ ತಂತ್ರಾಂಶಕ್ಕೂ ಅದರಡಿಯ ಚಿತ್ರ ಸಿಗದು.

ಪೋಲರೈಸರ್ ಮತ್ತು ಕಿಟಕಿಯ ಗಾಜು

ಪೋಲರೈಸರ್ ಫಿಲ್ಟರ್ ಕೊಂಡು ತಂದು, ಗೋಡೆಯ ಫೋಟೋದ ನೇರ ಎದುರು ನಿಂತು ತಿರುಗಿಸಿ ನೋಡಿ, ಏನೂ ಆಗುವುದಿಲ್ಲವೆಂದು ಬೇಸರಪಡುವವರು ಬಹಳ. ಫಿಲ್ಟರ್ ಕೆಟ್ಟಿರುವುದಿಲ್ಲ. ಗಾಜಿಗೆ ಲಂಬವಾಗಿ ಹೋಗಿ ಬರುವ ಬೆಳಕು ಧ್ರುವೀಕರಣ ಹೊಂದುವುದಿಲ್ಲ, ಹಾಗಾಗಿ ಫಿಲ್ಟರಿಗೆ ಅಲ್ಲಿ ಕೆಲಸವಿಲ್ಲ. ಲಂಬದಿಂದ ಸುಮಾರು 56 ಡಿಗ್ರಿ ಓರೆಯಾದಾಗ ಅದರ ಪರಿಣಾಮ ಅತಿ ಹೆಚ್ಚು, ಎಂ.ಜಿ. ರಸ್ತೆಯ ಅಂಗಡಿಯ ಪ್ರದರ್ಶನದ ಗಾಜನ್ನು ಪಕ್ಕದಿಂದ ತೆಗೆಯುವಾಗ ಎದುರು ಸಾಲಿನ ಕಟ್ಟಡಗಳು ಫಿಲ್ಟರ್ ತಿರುಗಿಸಿದಂತೆ ಮಾಯವಾಗುವುದು ಇದರಿಂದಲೇ. ಸುಮಾರು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಇದರಿಂದ ಕಡಿಮೆಯಾಗುತ್ತದೆ.

ಮನೆಯೊಳಗಿನಿಂದ ಕಿಟಕಿಯ ಗಾಜಿನ ಮೂಲಕ ಹೊರಗಿನದನ್ನು ತೆಗೆಯುವಾಗ ಒಳಗಿನ ದೀಪಗಳನ್ನು ಆರಿಸಿ, ರಬ್ಬರ್ ಹುಡ್ ಹಾಕಿದ ಲೆನ್ಸನ್ನು ಗಾಜಿಗೆ ಒತ್ತಿ ಹಿಡಿಯುವುದೇ ಸಾಕು.

ಉಳಿದುಕೊಳ್ಳುವ ಕಲೆ

ಎಲ್ಲ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಕೋಟುಗಳ ಭಾಗವನ್ನು ತಾತ್ಕಾಲಿಕವಾಗಿ ತುಂಬ ಹೊಳಪಿಗೆ ಏರಿಸಿ ನೋಡಬೇಕು. ಟ್ರೈಪಾಡಿನ ಕಾಲು, ಲೆನ್ಸಿನ ಉಂಗುರ, ಕಂಬಳಿಯ ಆಚೆಗಿನ ಗೋಡೆಯ ಅಂಚು ಉಳಿದಿದ್ದರೆ ಅಲ್ಲಿ ಸಿಕ್ಕಿಬೀಳುತ್ತವೆ, ಕಟ್ಟು ಇನ್ನೂ ಬೆಂಚಿನ ಮೇಲಿರುವಾಗಲೇ ಮತ್ತೊಮ್ಮೆ ತೆಗೆಯಬಹುದು. ಚಿಕ್ಕಪೇಟೆಯ ಚಿತ್ರದಲ್ಲಿ ಉಳಿದದ್ದು ಮಗುವಿನ ಮುಖದ ಪಕ್ಕದ ಆ ಕಪ್ಪು ತೇಪೆಯೊಂದೇ. ಕಾಗದ ಗಾಜಿಗೆ ಅಂಟಿದಲ್ಲಿ ನಡುವಿನ ಗಾಳಿಯ ಪದರ ಇಲ್ಲವಾಗುವುದರಿಂದ ಬಣ್ಣ ಗಾಢವಾಗಿ ಕಾಣುತ್ತದೆ. ಪ್ರತಿಯಲ್ಲಿ ಆ ಭಾಗವನ್ನಷ್ಟೇ ಆಯ್ದು ಸುತ್ತಲಿನ ಮಟ್ಟಕ್ಕೆ ತಿಳಿಗೊಳಿಸಲಾಯಿತು, ಕಟ್ಟನ್ನು ಬಿಚ್ಚದೆ ಹಾಗೆಯೇ ಗೋಡೆಗೆ ಏರಿಸಲಾಯಿತು. ಕಟ್ಟಿನ ಹಿಂದೆ ಗೋಡೆಯ ತೇವ ತಾಗದಂತೆ ಕೆಳಂಚಿನ ಎರಡೂ ಮೂಲೆಗಳಿಗೆ ಬಿರಡೆಯ ಚೂರು ಅಂಟಿಸಿದರೆ ಗಾಳಿಯಾಡಲು ಜಾಗ ಸಿಕ್ಕಿ, ಆ ತೇಪೆ ಮುಖದತ್ತ ಹರಡುವ ಸಾಧ್ಯತೆ ಕಡಿಮೆಯಾಗುತ್ತದೆ.